ಒಂದೇ ಗಡಿಯಾರದ ಲೆಕ್ಕ: ಬ್ಲೂಟೂತ್ ಪಿಕೋನೆಟ್‌ನ ಕಾಲಗಣನೆಯನ್ನು ಅರಿತು ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಒಂದು ಲ್ಯಾಪ್‌ಟಾಪ್‌ಗೆ ಬ್ಲೂಟೂತ್ ಕೀಬೋರ್ಡ್ ಮತ್ತು ಬ್ಲೂಟೂತ್ ಹೆಡ್‌ಫೋನ್ ಎರಡೂ ಜೋಡಿಸಲ್ಪಟ್ಟಿವೆ ಎಂದುಕೊಳ್ಳೋಣ. ಕೀಬೋರ್ಡ್ ಮಾತ್ರ ಬಳಕೆಯಲ್ಲಿದ್ದಾಗ ಯಾವ ತೊಂದರೆಯೂ ಇಲ್ಲ, ಹೆಡ್‌ಫೋನ್ ಮಾತ್ರ ಇದ್ದಾಗಲೂ ಇಲ್ಲ. ಆದರೆ ಹೆಡ್‌ಫೋನ್ ಅನ್ನು ಆನ್ ಮಾಡಿದ ಕೂಡಲೇ ಅದು ತಾನಾಗಿ ಬಂದು ಲ್ಯಾಪ್‌ಟಾಪ್‌ಗೆ ಸೇರಿಕೊಂಡ ದಿನಗಳಲ್ಲಿ ಧ್ವನಿ ಒಂದೆರಡು ನಿಮಿಷ ಸರಿಯಾಗಿದ್ದು, ಆಮೇಲೆ ಸ್ವಲ್ಪ ಹೊತ್ತು ಕಡಿದು ಕಡಿದು ಕೇಳಿ, ಮತ್ತೆ ತಾನೇ ಸರಿಹೋಗುತ್ತದೆ. ಧ್ವನಿ ಕಡಿಯುವ ಆ ಹೊತ್ತಿನಲ್ಲೇ ಕೀಬೋರ್ಡಿನ ಅಕ್ಷರಗಳೂ ತಡವಾಗಿ ಮೂಡುತ್ತವೆ. ನನ್ನ ಮೇಜಿನ ಮೇಲೆ ಇದೇ ತೊಂದರೆ ಬಹುಕಾಲ ಇತ್ತು, ಮತ್ತು ನಾನು ಅದನ್ನು ವೈಫೈ ಅಡಚಣೆ ಎಂದೇ ತಿಳಿದಿದ್ದೆ. ನಿಜವಾದ ಕಾರಣ ರೇಡಿಯೋ ಅಲೆಗಳ ಗದ್ದಲದಲ್ಲಿರಲಿಲ್ಲ. ಯಾರ ಗಡಿಯಾರವನ್ನು ಯಾರು ಅನುಸರಿಸುತ್ತಿದ್ದಾರೆ ಎಂಬುದರಲ್ಲಿತ್ತು. ಈ ಮಾರ್ಗದರ್ಶಿಯು ಆ ಒಂದು ಪ್ರಶ್ನೆಯನ್ನು ಹಿಡಿದು, ಮೊದಲು ಕಾಲಗಣನೆ ಹೇಗೆ ನಡೆಯುತ್ತದೆ ಎಂಬುದನ್ನೂ ನಂತರ ಅದನ್ನು ನಿಮ್ಮದೇ ಯಂತ್ರದಲ್ಲಿ ಓದಿ ಸರಿಪಡಿಸುವ ಬಗೆಯನ್ನೂ ವಿವರಿಸುತ್ತದೆ.

ಇಲ್ಲಿ ಹೇಳುವುದೆಲ್ಲ ಧ್ವನಿಗೂ ಹಳೆಯ ಬಗೆಯ ಕೀಬೋರ್ಡ್‌ಗಳಿಗೂ ಬಳಕೆಯಾಗುವ ಕ್ಲಾಸಿಕ್ ಬ್ಲೂಟೂತ್‌ಗೆ ಸಂಬಂಧಿಸಿದ್ದು. ಬ್ಲೂಟೂತ್ ಲೋ ಎನರ್ಜಿಯಲ್ಲಿ 40 ಚಾನೆಲ್‌ಗಳಿದ್ದು ಅದು ಒಂದು ಆವರ್ತನದಿಂದ ಇನ್ನೊಂದಕ್ಕೆ ಜಿಗಿಯುವ ನಿಯಮವೇ ಬೇರೆ, ಆದ್ದರಿಂದ ಅದನ್ನು ಇಲ್ಲಿ ಬೆರೆಸುವುದಿಲ್ಲ. ಪರೀಕ್ಷೆಯ ಹಂತಗಳಿಗೆ ಲಿನಕ್ಸ್ ಇರುವ ಒಂದು ಲ್ಯಾಪ್‌ಟಾಪ್ ಮತ್ತು ಲಿನಕ್ಸ್‌ನ ಬ್ಲೂಟೂತ್ ತಂತ್ರಾಂಶವಾದ ಬ್ಲೂಝೀಯ ಉಪಕರಣಗಳು ಬೇಕು.

ಹಂತ 1: ಗಡಿಯಾರ ಮತ್ತು ಸ್ಲಾಟ್‌ಗಳನ್ನು ಗುರುತಿಸಿಕೊಳ್ಳಿ

ಪ್ರತಿಯೊಂದು ಬ್ಲೂಟೂತ್ ಚಿಪ್‌ನೊಳಗೆ 28 ಬಿಟ್‌ಗಳ ಒಂದು ಎಣಿಕೆ ಸದಾ ಓಡುತ್ತಿರುತ್ತದೆ. ಅದು 312.5 ಮೈಕ್ರೋಸೆಕೆಂಡಿಗೆ ಒಮ್ಮೆ ಒಂದರಂತೆ ಹೆಚ್ಚುತ್ತದೆ, ಅಂದರೆ ಸೆಕೆಂಡಿಗೆ 3200 ಬಾರಿ ಮಿಡಿಯುತ್ತದೆ, ಮತ್ತು ಸುಮಾರು 23.3 ಗಂಟೆಗೊಮ್ಮೆ ತುಂಬಿ ಸೊನ್ನೆಗೆ ಮರಳುತ್ತದೆ. ಇದಕ್ಕೂ ಗೋಡೆಯ ಗಡಿಯಾರದ ಹೊತ್ತಿಗೂ ಯಾವ ಸಂಬಂಧವೂ ಇಲ್ಲ. ಎರಡು ಸಾಧನಗಳ ಎಣಿಕೆಗಳು ಒಂದೇ ಕ್ಷಣದಲ್ಲಿ ಒಂದೇ ಆಗಿರಬೇಕೆಂಬ ನಿಯಮವೂ ಇಲ್ಲ. ಇದನ್ನು ಸಾಧನದ ಸ್ವಂತ ಗಡಿಯಾರ ಎಂದು ಕರೆಯೋಣ.

ಈ ಎಣಿಕೆಯ ಎರಡು ಮಿಡಿತಗಳು ಸೇರಿದರೆ 625 ಮೈಕ್ರೋಸೆಕೆಂಡ್ ಆಗುತ್ತದೆ. ಅದೇ ಒಂದು ಸ್ಲಾಟ್. ಸೆಕೆಂಡಿಗೆ 1600 ಸ್ಲಾಟ್‌ಗಳು, ಒಂದೊಂದು ಸ್ಲಾಟಿಗೆ ಒಂದು ಆವರ್ತನ. ಬ್ಲೂಟೂತ್ ಸೆಕೆಂಡಿಗೆ 1600 ಬಾರಿ ಜಿಗಿಯುತ್ತದೆ ಎಂಬ ಮಾತು ಬಂದದ್ದು ಇಲ್ಲಿಂದಲೇ. ಜಿಗಿಯುವ ಜಾಗವೆಂದರೆ 2402 ರಿಂದ 2480 ಮೆಗಾಹರ್ಟ್ಸ್‌ವರೆಗೆ ಒಂದೊಂದು ಮೆಗಾಹರ್ಟ್ಸ್ ಅಂತರದಲ್ಲಿರುವ 79 ಚಾನೆಲ್‌ಗಳು. ಚಾನೆಲ್ ಸಂಖ್ಯೆಗೆ 2402 ಕೂಡಿಸಿದರೆ ಅದರ ಆವರ್ತನ ಸಿಗುತ್ತದೆ. ಈ ಸರಳ ಲೆಕ್ಕ ಮುಂದೆ ಬೇಕಾಗುತ್ತದೆ.

ಒಂದು ಸ್ಲಾಟಿನ ಪ್ಯಾಕೆಟ್ ಹೆಚ್ಚೆಂದರೆ 366 ಮೈಕ್ರೋಸೆಕೆಂಡ್ ಉದ್ದವಿರುತ್ತದೆ. ಸ್ಲಾಟಿನಲ್ಲಿ ಉಳಿಯುವ ಸುಮಾರು 259 ಮೈಕ್ರೋಸೆಕೆಂಡ್ ವ್ಯರ್ಥವಲ್ಲ: ರೇಡಿಯೋ ಕಳುಹಿಸುವ ಕೆಲಸ ನಿಲ್ಲಿಸಿ, ಮುಂದಿನ ಆವರ್ತನಕ್ಕೆ ಹೊರಳಿ, ಅಲ್ಲಿ ಸ್ಥಿರವಾಗಿ ನಿಂತು ಕೇಳಲು ಸಿದ್ಧವಾಗುವುದು ಆ ಬಿಡುವಿನಲ್ಲೇ.

ಹಂತ 2: ಗಡಿಯಾರ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಅರಿಯಿರಿ

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬಿಡಿಸಿಕೊಳ್ಳಬೇಕು. ಎರಡು ಸಾಧನಗಳನ್ನು ಜೋಡಿಸಿದಾಗ, ಅಂದರೆ ಪೇರ್ ಮಾಡಿದಾಗ, ಅವುಗಳ ನಡುವೆ ಶಾಶ್ವತವಾಗಿ ಉಳಿಯುವುದು ಒಂದು ಗುಪ್ತ ಕೀಲಿ ಮಾತ್ರ. ಕಾಲಗಣನೆ ಆ ಜೋಡಣೆಯಲ್ಲಿ ಉಳಿದುಕೊಳ್ಳುವುದಿಲ್ಲ. ಪ್ರತಿ ಬಾರಿ ಸಂಪರ್ಕ ಏರ್ಪಡುವಾಗಲೂ ಗಡಿಯಾರದ ಹಂಚಿಕೆ ಹೊಸದಾಗಿ ನಡೆಯುತ್ತದೆ, ಮತ್ತು ಯಾರ ಗಡಿಯಾರ ನಡೆಯಬೇಕೆಂಬುದೂ ಆಗಲೇ ತೀರ್ಮಾನವಾಗುತ್ತದೆ. ಮೊದಲಿಗೆ ಕರೆ ಮಾಡಿದ ಸಾಧನವೇ ಸೆಂಟ್ರಲ್ ಆಗುತ್ತದೆ. ಕರೆಗೆ ಓಗೊಟ್ಟ ಸಾಧನ ಪೆರಿಫೆರಲ್ ಆಗುತ್ತದೆ. ಒಂದು ಸೆಂಟ್ರಲ್ ಮತ್ತು ಅದರ ಗಡಿಯಾರವನ್ನು ಅನುಸರಿಸುವ ಪೆರಿಫೆರಲ್‌ಗಳು ಸೇರಿದ ಗುಂಪೇ ಪಿಕೋನೆಟ್. ಹಳೆಯ ದಾಖಲೆಗಳಲ್ಲಿ ಇವನ್ನೇ ಮಾಸ್ಟರ್ ಮತ್ತು ಸ್ಲೇವ್ ಎಂದು ಕರೆದಿದ್ದಾರೆ, ಹಲವು ಉಪಕರಣಗಳು ಈಗಲೂ ಆ ಹೆಸರುಗಳನ್ನೇ ಮುದ್ರಿಸುತ್ತವೆ.

ಕರೆ ಹೀಗೆ ನಡೆಯುತ್ತದೆ. ಸುಮ್ಮನೆ ಕಾಯುತ್ತಿರುವ ಸಾಧನವು ಸಾಮಾನ್ಯವಾಗಿ 1.28 ಸೆಕೆಂಡಿಗೊಮ್ಮೆ ಎಚ್ಚೆತ್ತು, ಒಂದು ಆವರ್ತನದಲ್ಲಿ 11.25 ಮಿಲಿಸೆಕೆಂಡ್ ಕಾಲ ಕಿವಿಗೊಟ್ಟು, ಮತ್ತೆ ಮಲಗುತ್ತದೆ. ಅದು ಕೇಳಬಹುದಾದ ಆವರ್ತನಗಳು ಅದರ ವಿಳಾಸದಿಂದಲೇ ನಿಗದಿಯಾದ 32 ಮಾತ್ರ. ಕರೆಯುವ ಸಾಧನಕ್ಕೆ ಆ ವಿಳಾಸ ಗೊತ್ತಿರುವುದರಿಂದ ಆ 32 ಆವರ್ತನಗಳೂ ಗೊತ್ತಿರುತ್ತವೆ, ಆದರೆ ಈ ಕ್ಷಣ ಯಾವುದು ಎಂಬುದು ಗೊತ್ತಿರುವುದಿಲ್ಲ. ಹೀಗಾಗಿ ಅದು 16 ಆವರ್ತನಗಳ ಗುಂಪೊಂದನ್ನು ಆರಿಸಿಕೊಂಡು, ಒಂದು ಸ್ಲಾಟಿನಲ್ಲಿ ಎರಡು ಕರೆ ಕಳುಹಿಸಿ ಮುಂದಿನ ಸ್ಲಾಟಿನಲ್ಲಿ ಉತ್ತರಕ್ಕೆ ಕಾಯುತ್ತ, ಇಡೀ ಗುಂಪನ್ನು 10 ಮಿಲಿಸೆಕೆಂಡಿನಲ್ಲಿ ಸುತ್ತಿ ಬರುತ್ತದೆ. ಕೇಳುವ ಕಿಟಕಿ 11.25 ಮಿಲಿಸೆಕೆಂಡ್ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ: ಕರೆಯುವವನ ಒಂದು ಪೂರ್ತಿ ಸುತ್ತು ಆ ಕಿಟಕಿಯೊಳಗೆ ಹಿಡಿಸಬೇಕು. ಹಿಂದಿನ ಸಂಪರ್ಕದಿಂದ ಆ ಸಾಧನದ ಗಡಿಯಾರದ ಅಂದಾಜು ನೆನಪಿದ್ದರೆ ಸರಿಯಾದ ಗುಂಪು ಮೊದಲೇ ಸಿಗುತ್ತದೆ. ಅಂದಾಜು ತಪ್ಪಿದ್ದರೆ ಇನ್ನೊಂದು ಗುಂಪಿಗೆ ಹೊರಳುವವರೆಗೆ ಕಾಯಬೇಕು.

ಕರೆ ಕೇಳಿಸಿದ ಸಾಧನವು ಸರಿಯಾಗಿ 625 ಮೈಕ್ರೋಸೆಕೆಂಡಿನ ನಂತರ ಒಂದು ಚಿಕ್ಕ ಉತ್ತರ ಕೊಡುತ್ತದೆ. ಆಗ ಕರೆದ ಸಾಧನವು ಎಫ್‌ಎಚ್‌ಎಸ್ ಎಂಬ ಪ್ಯಾಕೆಟ್ ಕಳುಹಿಸುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಪ್ಯಾಕೆಟ್ ಇದು. ಅದರೊಳಗೆ ಸೆಂಟ್ರಲ್‌ನ ವಿಳಾಸವಿರುತ್ತದೆ, ಪೆರಿಫೆರಲ್‌ಗೆ ಕೊಡುವ 3 ಬಿಟ್‌ಗಳ ಸದಸ್ಯ ಸಂಖ್ಯೆಯಿರುತ್ತದೆ, ಮತ್ತು ಸೆಂಟ್ರಲ್‌ನ ಗಡಿಯಾರದ ಮೇಲಿನ 26 ಬಿಟ್‌ಗಳಿರುತ್ತವೆ. ಕೆಳಗಿನ 2 ಬಿಟ್‌ಗಳನ್ನು ಬಿಟ್ಟದ್ದು ಮರೆವಿನಿಂದಲ್ಲ. 1.25 ಮಿಲಿಸೆಕೆಂಡ್‌ಗಿಂತ ಸೂಕ್ಷ್ಮವಾದ ಸಮಯವನ್ನು ಪ್ಯಾಕೆಟ್‌ನಲ್ಲಿ ಬರೆದು ಹೇಳುವ ಅಗತ್ಯವೇ ಇಲ್ಲ, ಏಕೆಂದರೆ ಪ್ಯಾಕೆಟ್ ಬಂದು ತಲುಪಿದ ಕ್ಷಣವೇ ಆ ಸೂಕ್ಷ್ಮ ಸಮಯವನ್ನು ತಿಳಿಸುತ್ತದೆ. ಎಷ್ಟು ಹೊತ್ತಾಯಿತು ಎಂಬುದನ್ನು ಪ್ಯಾಕೆಟ್‌ನ ಒಳಗಿನ ಬರಹ ಹೇಳಿದರೆ, ಸ್ಲಾಟು ಸರಿಯಾಗಿ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಅದರ ಆಗಮನ ಹೇಳುತ್ತದೆ.

ಪೆರಿಫೆರಲ್ ಈಗ ತನ್ನ ಗಡಿಯಾರವನ್ನು ತಿದ್ದಿಕೊಳ್ಳುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಅದರ ಸ್ವಂತ ಎಣಿಕೆ ಮೊದಲಿನಂತೆಯೇ ಓಡುತ್ತಿರುತ್ತದೆ. ಅದು ಮಾಡುವುದಿಷ್ಟೇ: ಸೆಂಟ್ರಲ್‌ನ ಎಣಿಕೆಯಲ್ಲಿ ತನ್ನ ಎಣಿಕೆಯನ್ನು ಕಳೆದು, ಬಂದ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದೆ ಪಿಕೋನೆಟ್‌ನ ಹೊತ್ತು ಬೇಕಾದಾಗಲೆಲ್ಲ ತನ್ನ ಎಣಿಕೆಗೆ ಆ ವ್ಯತ್ಯಾಸವನ್ನು ಕೂಡಿಸಿ ಓದುತ್ತದೆ. ಸೆಂಟ್ರಲ್‌ನ ಮಟ್ಟಿಗೆ ಈ ವ್ಯತ್ಯಾಸ ಸದಾ ಸೊನ್ನೆ. ಈ ಸಣ್ಣ ಸಂಗತಿಯೇ ನಮ್ಮ ಪರೀಕ್ಷೆಯ ಆಧಾರವಾಗಲಿದೆ.

ಹಂತ 3: ಜಿಗಿತದ ದಾರಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಿ

ಮುಂದಿನ ಸ್ಲಾಟಿನಲ್ಲಿ ಯಾವ ಚಾನೆಲ್ ಎಂಬುದನ್ನು ಯಾರೂ ಯಾರಿಗೂ ಹೇಳಿ ಕಳುಹಿಸುವುದಿಲ್ಲ. ಪ್ರತಿಯೊಂದು ಸಾಧನವೂ ಅದನ್ನು ತಾನೇ ಲೆಕ್ಕ ಹಾಕುತ್ತದೆ. ಲೆಕ್ಕಕ್ಕೆ ಬೇಕಾದದ್ದು ಎರಡೇ: ಸೆಂಟ್ರಲ್‌ನ ವಿಳಾಸ ಮತ್ತು ಪಿಕೋನೆಟ್‌ನ ಗಡಿಯಾರ. ವಿಳಾಸವು ಜಿಗಿತದ ಕ್ರಮವನ್ನು ನಿರ್ಧರಿಸುತ್ತದೆ, ಗಡಿಯಾರವು ಆ ಕ್ರಮದಲ್ಲಿ ಈಗ ಎಲ್ಲಿದ್ದೇವೆ ಎಂಬುದನ್ನು ಹೇಳುತ್ತದೆ. ಈ ಎರಡೂ ಎಫ್‌ಎಚ್‌ಎಸ್ ಪ್ಯಾಕೆಟ್‌ನಲ್ಲೇ ಬಂದಿದ್ದವು ಎಂಬುದನ್ನು ಗಮನಿಸಿ. ಎರಡೂ ಸರಿಯಿದ್ದರೆ ಇಬ್ಬರ ರೇಡಿಯೋಗಳೂ ಮಾತಿಲ್ಲದೆ ಒಂದೇ ಚಾನೆಲ್‌ಗೆ ಒಟ್ಟಿಗೆ ಹೋಗುತ್ತವೆ. ಪಕ್ಕದಲ್ಲೇ ಇರುವ ಇನ್ನೊಂದು ಪಿಕೋನೆಟ್‌ಗೆ ಬೇರೆ ಸೆಂಟ್ರಲ್ ಇರುವುದರಿಂದ ಅದರ ವಿಳಾಸವೂ ಬೇರೆ, ಗಡಿಯಾರವೂ ಬೇರೆ. ಆದ್ದರಿಂದ ಎರಡು ಪಿಕೋನೆಟ್‌ಗಳು ಆಗೊಮ್ಮೆ ಈಗೊಮ್ಮೆ ಮಾತ್ರ ಒಂದೇ ಚಾನೆಲ್‌ನಲ್ಲಿ ಡಿಕ್ಕಿಯಾಗುತ್ತವೆ.

ದೊಡ್ಡ ಪ್ಯಾಕೆಟ್‌ಗಳು 3 ಅಥವಾ 5 ಸ್ಲಾಟ್‌ಗಳನ್ನು ತುಂಬುತ್ತವೆ. ಅಂಥ ಪ್ಯಾಕೆಟ್ ಮುಗಿಯುವವರೆಗೆ ರೇಡಿಯೋ ಜಿಗಿಯದೆ ಅದೇ ಚಾನೆಲ್‌ನಲ್ಲಿ ನಿಲ್ಲುತ್ತದೆ. ಆದರೆ ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಪ್ಯಾಕೆಟ್ ಮುಗಿದ ಮೇಲೆ ರೇಡಿಯೋ ತಾನು ಬಿಟ್ಟ ಜಾಗದಿಂದ ಮುಂದುವರಿಯದೆ, ಆ ಹೊತ್ತಿಗೆ ಗಡಿಯಾರ ಸೂಚಿಸುವ ಚಾನೆಲ್‌ಗೆ ನೇರವಾಗಿ ಹೋಗುತ್ತದೆ. ಈ ಕಾರಣದಿಂದಲೇ ಒಂದು ಪ್ಯಾಕೆಟ್ ಕೇಳಿಸದೆ ಹೋದರೂ ಪೆರಿಫೆರಲ್ ದಾರಿ ತಪ್ಪುವುದಿಲ್ಲ. ತನ್ನ ಲೆಕ್ಕದಂತೆ ಮುಂದಿನ ಚಾನೆಲ್‌ನಲ್ಲಿ ಹೋಗಿ ಕಾಯುತ್ತದೆ.

ಹಂತ 4: ಸರದಿಯನ್ನು ಒಂದು ಉದಾಹರಣೆಯಲ್ಲಿ ಬಿಡಿಸಿ ನೋಡಿ

ಸೆಂಟ್ರಲ್ ಸಮ ಸಂಖ್ಯೆಯ ಸ್ಲಾಟ್‌ಗಳಲ್ಲಿ ಮಾತು ಆರಂಭಿಸುತ್ತದೆ, ಅದು ಕರೆದ ಪೆರಿಫೆರಲ್ ನಂತರದ ಬೆಸ ಸ್ಲಾಟಿನಲ್ಲಿ ಉತ್ತರಿಸುತ್ತದೆ. ಕರೆಯದೆ ಯಾರೂ ಮಾತಾಡುವಂತಿಲ್ಲ. 3 ಬಿಟ್‌ಗಳ ಸದಸ್ಯ ಸಂಖ್ಯೆಯಲ್ಲಿ ಸೊನ್ನೆ ಎಲ್ಲರಿಗೂ ಒಟ್ಟಿಗೆ ಕಳುಹಿಸುವುದಕ್ಕೆ ಮೀಸಲಾದ್ದರಿಂದ, ಒಂದು ಪಿಕೋನೆಟ್‌ನಲ್ಲಿ ಏಕಕಾಲಕ್ಕೆ 7 ಸಕ್ರಿಯ ಪೆರಿಫೆರಲ್‌ಗಳಿಗೆ ಮಾತ್ರ ಜಾಗವಿದೆ.

ಲ್ಯಾಪ್‌ಟಾಪ್ ಸೆಂಟ್ರಲ್ ಆಗಿದ್ದು ಹೆಡ್‌ಫೋನ್ ಮತ್ತು ಕೀಬೋರ್ಡ್ ಎರಡೂ ಅದರ ಪಿಕೋನೆಟ್‌ನಲ್ಲಿವೆ ಎನ್ನೋಣ. ಸ್ಲಾಟ್ 0 ರಿಂದ 4 ರವರೆಗೆ ಲ್ಯಾಪ್‌ಟಾಪ್ ಹೆಡ್‌ಫೋನ್‌ಗೆ 5 ಸ್ಲಾಟಿನ ಧ್ವನಿ ಪ್ಯಾಕೆಟ್ ಕಳುಹಿಸುತ್ತದೆ. ಸ್ಲಾಟ್ 5 ರಲ್ಲಿ ಹೆಡ್‌ಫೋನ್ ಸಿಕ್ಕಿತೆಂದು ಉತ್ತರಿಸುತ್ತದೆ. ಸ್ಲಾಟ್ 6 ರಲ್ಲಿ ಲ್ಯಾಪ್‌ಟಾಪ್ ಕೀಬೋರ್ಡನ್ನು ವಿಚಾರಿಸುತ್ತದೆ, ಸ್ಲಾಟ್ 7 ರಲ್ಲಿ ಕೀಬೋರ್ಡ್ ಒತ್ತಿದ ಕೀಲಿಯನ್ನು ತಿಳಿಸುತ್ತದೆ. ಒಟ್ಟು 8 ಸ್ಲಾಟ್, 5 ಮಿಲಿಸೆಕೆಂಡ್, ಒಂದೂ ಡಿಕ್ಕಿಯಿಲ್ಲ, ಒಂದೂ ಸ್ಲಾಟ್ ನಷ್ಟವಿಲ್ಲ. ಒಂದೇ ಗಡಿಯಾರ ಇರುವುದರಿಂದ ಸರದಿ ಹಾಕುವವರೂ ಒಬ್ಬರೇ. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ತೊಂದರೆ ಹುಟ್ಟುವುದು ಇದು ಮುರಿದಾಗ.

ಹಂತ 5: ಗಡಿಯಾರಗಳು ಸರಿಯುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ನೆನಪಿಟ್ಟುಕೊಂಡ ವ್ಯತ್ಯಾಸ ಬಹಳ ಹೊತ್ತು ಸರಿಯಾಗಿ ಉಳಿಯುವುದಿಲ್ಲ, ಏಕೆಂದರೆ ಈ ಗಡಿಯಾರಗಳನ್ನು ನಡೆಸುವ ಯಾವ ಎರಡು ಸ್ಫಟಿಕಗಳೂ ತಪ್ಪದೆ ಒಂದೇ ವೇಗದಲ್ಲಿ ಕಂಪಿಸುವುದಿಲ್ಲ. ಸಕ್ರಿಯ ಸ್ಥಿತಿಯಲ್ಲಿ ಬ್ಲೂಟೂತ್ ಗಡಿಯಾರವು ಹತ್ತು ಲಕ್ಷದಲ್ಲಿ 20 ಭಾಗದಷ್ಟು ಮುಂದೆಯೋ ಹಿಂದೆಯೋ ಹೋಗಲು ಅವಕಾಶವಿದೆ. ಒಂದು ಸಾಧನ ಅಷ್ಟು ಮುಂದೆ, ಇನ್ನೊಂದು ಅಷ್ಟು ಹಿಂದೆ ಇದ್ದರೆ ಅವು ಪ್ರತಿ ಸೆಕೆಂಡಿಗೆ 40 ಮೈಕ್ರೋಸೆಕೆಂಡ್ ದೂರ ಸರಿಯುತ್ತವೆ. ಪೆರಿಫೆರಲ್ ತನ್ನ ಲೆಕ್ಕದ ಕ್ಷಣಕ್ಕಿಂತ 10 ಮೈಕ್ರೋಸೆಕೆಂಡ್ ಮೊದಲಿನಿಂದ 10 ಮೈಕ್ರೋಸೆಕೆಂಡ್ ನಂತರದವರೆಗೆ ಪ್ಯಾಕೆಟ್‌ನ ಆರಂಭವನ್ನು ಹುಡುಕುತ್ತದೆ. ಭಾಗಾಕಾರ ಮಾಡಿ ನೋಡಿದರೆ, ಏನೂ ಕೇಳಿಸದೆ ಕಾಲು ಸೆಕೆಂಡ್ ಕಳೆದರೆ ಸಾಕು, ಆ ಹುಡುಕಾಟದ ಕಿಟಕಿ ಸಾಲದಾಗಿಬಿಡುತ್ತದೆ.

ಇದಕ್ಕೆ ಪರಿಹಾರ ಪ್ರತಿ ಪ್ಯಾಕೆಟ್‌ನ ತಲೆಯಲ್ಲೇ ಇದೆ. ಸೆಂಟ್ರಲ್‌ನ ವಿಳಾಸದಿಂದ ಹುಟ್ಟಿದ 64 ಬಿಟ್‌ಗಳ ಒಂದು ಗುರುತಿನ ಪದ ಪ್ರತಿ ಪ್ಯಾಕೆಟ್‌ನ ಆರಂಭದಲ್ಲಿ ಬರುತ್ತದೆ. ಪೆರಿಫೆರಲ್‌ನ ರೇಡಿಯೋ ಆ ಪದ ಹೊಂದಿಕೆಯಾದ ಕ್ಷಣವನ್ನು ಹಿಡಿದು, ತನ್ನ ಲೆಕ್ಕಕ್ಕೂ ಆ ಕ್ಷಣಕ್ಕೂ ಇರುವ ಅಂತರವನ್ನು ವ್ಯತ್ಯಾಸಕ್ಕೆ ಸೇರಿಸಿಬಿಡುತ್ತದೆ. ಪ್ಯಾಕೆಟ್ ಬೇರೆ ಸದಸ್ಯನಿಗೆ ಉದ್ದೇಶಿಸಿದ್ದಾದರೂ ಗುರುತಿನ ಪದ ಒಂದೇ ಆದ್ದರಿಂದ, ಅದನ್ನು ಕೇಳಿಸಿಕೊಂಡ ಎಲ್ಲರೂ ತಮ್ಮ ಲೆಕ್ಕವನ್ನು ಸರಿಪಡಿಸಿಕೊಳ್ಳಬಹುದು.

ವಿದ್ಯುತ್ ಉಳಿಸಲು ಕೀಬೋರ್ಡ್‌ನಂಥ ಸಾಧನಗಳು ಸ್ನಿಫ್ ಎಂಬ ಸ್ಥಿತಿಗೆ ಹೋಗುತ್ತವೆ, ಅಂದರೆ ಗೊತ್ತುಪಡಿಸಿದ ಸ್ಲಾಟ್‌ಗಳಲ್ಲಿ ಮಾತ್ರ ಎಚ್ಚರವಿರುತ್ತವೆ. 800 ಸ್ಲಾಟಿಗೊಮ್ಮೆ, ಅಂದರೆ ಅರ್ಧ ಸೆಕೆಂಡಿಗೊಮ್ಮೆ ಎಚ್ಚರಗೊಂಡರೆ 20 ಮೈಕ್ರೋಸೆಕೆಂಡ್ ಸರಿದಿರಬಹುದು, ಆದ್ದರಿಂದ ಕಿಟಕಿಯನ್ನು ಅಷ್ಟು ಅಗಲ ಮಾಡಬೇಕು. ಮಲಗಿದ್ದಾಗ ಚಿಪ್ ಕಡಿಮೆ ವಿದ್ಯುತ್ತಿನ, ಹತ್ತು ಲಕ್ಷದಲ್ಲಿ 250 ಭಾಗ ತಪ್ಪಬಹುದಾದ ಗಡಿಯಾರಕ್ಕೆ ಹೊರಳಿದ್ದರೆ, ಅದೇ ಅರ್ಧ ಸೆಕೆಂಡಿನಲ್ಲಿ ತಪ್ಪು 135 ಮೈಕ್ರೋಸೆಕೆಂಡ್‌ವರೆಗೆ ಬೆಳೆಯುತ್ತದೆ.

ಇನ್ನೂ ಒಂದು ಲೆಕ್ಕ. ಯಾವ ಪ್ಯಾಕೆಟ್ಟೂ ಸಿಗದಿದ್ದರೆ ಸಂಪರ್ಕ ಸತ್ತಿದೆ ಎಂದು ಘೋಷಿಸುವ ಅವಧಿ ಮೂಲತಃ 20 ಸೆಕೆಂಡ್. ಅಷ್ಟರಲ್ಲಿ ಎರಡು ಗಡಿಯಾರಗಳು 800 ಮೈಕ್ರೋಸೆಕೆಂಡ್ ಸರಿದಿರಬಹುದು, ಅದು ಒಂದು ಇಡೀ ಸ್ಲಾಟಿಗಿಂತ ಹೆಚ್ಚು. ಆ ಹೊತ್ತಿಗೆ ಪೆರಿಫೆರಲ್ ತಪ್ಪು ಚಾನೆಲ್‌ನಲ್ಲೇ ಕಾಯುತ್ತಿರುವ ಸಾಧ್ಯತೆ ಇರುವುದರಿಂದ, ಹೊಸದಾಗಿ ಕರೆ ಮಾಡುವುದೇ ಸರಿಯಾದ ದಾರಿ.

ಹಂತ 6: ನಿಮ್ಮ ಯಂತ್ರದಲ್ಲಿ ಯಾರು ಸೆಂಟ್ರಲ್ ಎಂಬುದನ್ನು ಓದಿ

ಈಗ ಆರಂಭದ ತೊಂದರೆಗೆ ಮರಳೋಣ. ಧ್ವನಿ ಕಡಿಯುತ್ತಿರುವಾಗ ಈ ಆಜ್ಞೆ ಕೊಡಿ:

```
hcitool con
```

ನನಗೆ ಬಂದ ಉತ್ತರದ ಮಾದರಿ ಹೀಗಿತ್ತು. ವಿಳಾಸಗಳನ್ನು ಮಾತ್ರ ಬದಲಾಯಿಸಿದ್ದೇನೆ.

```
Connections:
  < ACL 00:11:22:66:77:88 handle 11 state 1 lm MASTER AUTH ENCRYPT
  > ACL 00:11:22:33:44:55 handle 12 state 1 lm SLAVE AUTH ENCRYPT
```

ಮೊದಲ ಸಾಲು ಕೀಬೋರ್ಡ್, ಎರಡನೆಯದು ಹೆಡ್‌ಫೋನ್. ಸಾಲಿನ ಆರಂಭದ ಬಾಣವು ಯಾರು ಕರೆದರೆಂದು ಹೇಳುತ್ತದೆ: ಕೀಬೋರ್ಡನ್ನು ಲ್ಯಾಪ್‌ಟಾಪ್ ಕರೆದಿತ್ತು, ಲ್ಯಾಪ್‌ಟಾಪನ್ನು ಹೆಡ್‌ಫೋನ್ ಕರೆದಿತ್ತು. ಕೊನೆಯಲ್ಲಿರುವ ಪಾತ್ರದ ಹೆಸರು ಲ್ಯಾಪ್‌ಟಾಪ್‌ನದು. ಅಂದರೆ ಲ್ಯಾಪ್‌ಟಾಪ್ ಕೀಬೋರ್ಡಿಗೆ ಸೆಂಟ್ರಲ್, ಆದರೆ ಹೆಡ್‌ಫೋನಿಗೆ ಪೆರಿಫೆರಲ್. ಅದು ಏಕಕಾಲಕ್ಕೆ ಎರಡು ಪಿಕೋನೆಟ್‌ಗಳಲ್ಲಿ, ಎರಡು ಗಡಿಯಾರಗಳ ಲೆಕ್ಕದಲ್ಲಿ ಬದುಕುತ್ತಿತ್ತು. ಇಂಥ ಸ್ಥಿತಿಗೆ ಸ್ಕ್ಯಾಟರ್‌ನೆಟ್ ಎಂದು ಹೆಸರು. ಉಪಕರಣದ ಆವೃತ್ತಿಗೆ ತಕ್ಕಂತೆ ಪಾತ್ರದ ಹೆಸರುಗಳು ಬೇರೆಯಾಗಿ ಕಾಣಬಹುದು, ಅರ್ಥ ಒಂದೇ.

ಹೆಸರನ್ನು ನಂಬುವುದಕ್ಕಿಂತ ಗಡಿಯಾರವನ್ನೇ ಓದುವುದು ಹೆಚ್ಚು ಖಚಿತ. ಮೊದಲ ಆಜ್ಞೆ ಲ್ಯಾಪ್‌ಟಾಪ್‌ನ ಸ್ವಂತ ಗಡಿಯಾರವನ್ನೂ ಎರಡನೆಯದು ಹೆಡ್‌ಫೋನ್ ಇರುವ ಪಿಕೋನೆಟ್‌ನ ಗಡಿಯಾರವನ್ನೂ ಕೇಳುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಕೊಟ್ಟರೆ ನಡುವಿನ ವಿಳಂಬ ಕಡಿಮೆಯಾಗುತ್ತದೆ.

```
sudo sh -c 'hcitool clock; hcitool clock 00:11:22:33:44:55 1'
```

ಮೊದಲನೆಯದು `0x5a0c2c`, ಎರಡನೆಯದು `0x5a3f10` ಎಂದು ಬಂದಿತೆನ್ನೋಣ. ಕಳೆದರೆ `0x32e4`, ಅಂದರೆ 13028 ಮಿಡಿತಗಳು. ಒಂದು ಸೆಕೆಂಡಿಗೆ 3200 ಮಿಡಿತಗಳಾದ್ದರಿಂದ ಇದು ಸುಮಾರು 4.07 ಸೆಕೆಂಡ್. ಎರಡು ಆಜ್ಞೆಗಳ ನಡುವೆ ಕಳೆದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ, ಆದ್ದರಿಂದ ಈ 4 ಸೆಕೆಂಡ್ ವಿಳಂಬದಿಂದ ಬಂದದ್ದಲ್ಲ. ಲ್ಯಾಪ್‌ಟಾಪ್ ಹೆಡ್‌ಫೋನ್‌ನ ಗಡಿಯಾರವನ್ನು ಅನುಸರಿಸಲು ತನ್ನ ಎಣಿಕೆಗೆ ಕೂಡಿಸಿಕೊಳ್ಳುತ್ತಿರುವ ವ್ಯತ್ಯಾಸವೇ ಅದು. ಎರಡನೇ ಹಂತದಲ್ಲಿ ಹೇಳಿದ ಕೂಡುವ ಲೆಕ್ಕ ಹೀಗೆ ಕಣ್ಣಿಗೆ ಕಾಣುತ್ತದೆ. ವ್ಯತ್ಯಾಸ ಪ್ರತಿ ಹೊಸ ಸಂಪರ್ಕದಲ್ಲೂ ಬೇರೆಯಾಗಿರುವುದು ಸಹಜ. ಕೆಲವು ಅಡಾಪ್ಟರ್‌ಗಳು ಗಡಿಯಾರ ಓದುವ ಈ ಕೋರಿಕೆಗೆ ದೋಷದ ಉತ್ತರ ಕೊಡುತ್ತವೆ. ಅಂಥಲ್ಲಿ ಪಾತ್ರದ ಹೆಸರನ್ನೇ ಆಧಾರವಾಗಿಟ್ಟುಕೊಳ್ಳಬೇಕು.

ಹಂತ 7: ಎರಡು ಗಡಿಯಾರಗಳ ಲಕ್ಷಣವನ್ನು ಗುರುತಿಸಿ

ಎರಡು ಪಿಕೋನೆಟ್‌ಗಳ ಸ್ಲಾಟ್‌ಗಳು ಒಂದೇ ಕ್ಷಣದಲ್ಲಿ ಆರಂಭವಾಗುವುದಿಲ್ಲ. ಲ್ಯಾಪ್‌ಟಾಪ್‌ಗಿರುವುದು ಒಂದೇ ರೇಡಿಯೋ. ಹೆಡ್‌ಫೋನ್‌ನ ಪಿಕೋನೆಟ್‌ನಿಂದ ತನ್ನದಕ್ಕೆ ಹೊರಳುವಾಗ ಅದು ಮುಂದಿನ ಸ್ಲಾಟಿನ ಗಡಿ ಬರುವವರೆಗೆ ಕಾಯಬೇಕು, ಮರಳುವಾಗಲೂ ಹಾಗೆಯೇ. ನಾಲ್ಕನೇ ಹಂತದಲ್ಲಿ ಒಂದೂ ಸ್ಲಾಟ್ ನಷ್ಟವಿಲ್ಲದೆ ನಡೆದ ಸರದಿ ಇಲ್ಲಿ ಪ್ರತಿ ಹೊರಳಿಕೆಯಲ್ಲೂ ಸ್ವಲ್ಪ ಸೋರುತ್ತದೆ. ಇನ್ನೂ ಕೆಟ್ಟದ್ದೆಂದರೆ, ಹೆಡ್‌ಫೋನ್ ಸೆಂಟ್ರಲ್ ಆಗಿರುವುದರಿಂದ ಲ್ಯಾಪ್‌ಟಾಪ್ ಧ್ವನಿಯನ್ನು ತನಗೆ ಬೇಕಾದಾಗ ಕಳುಹಿಸುವಂತಿಲ್ಲ. ಹೆಡ್‌ಫೋನ್ ವಿಚಾರಿಸಿದ ಮೇಲೆಯೇ ಕಳುಹಿಸಬೇಕು. ವಿಚಾರಣೆ ಬಂದ ಕ್ಷಣದಲ್ಲಿ ಲ್ಯಾಪ್‌ಟಾಪ್ ಕೀಬೋರ್ಡಿನ ಜೊತೆ ಇದ್ದರೆ ಆ ಅವಕಾಶ ಕೈತಪ್ಪುತ್ತದೆ.

ಆದರೆ ತೊಂದರೆ ಸದಾ ಇರದೆ ಬಂದು ಹೋಗುವುದೇಕೆ? ಎರಡೂ ಸೆಂಟ್ರಲ್‌ಗಳ ಗಡಿಯಾರಗಳು ಪರಸ್ಪರ ಸರಿಯುತ್ತಿರುತ್ತವೆ. ಒಬ್ಬ ಸೆಂಟ್ರಲ್ ಇನ್ನೊಬ್ಬನನ್ನು ಅನುಸರಿಸುವುದಿಲ್ಲವಾದ್ದರಿಂದ ಈ ಸರಿತವನ್ನು ತಿದ್ದುವವರು ಯಾರೂ ಇಲ್ಲ. ಕಳುಹಿಸುವ ಮತ್ತು ಉತ್ತರಿಸುವ ಜೋಡಿ ಸ್ಲಾಟ್‌ಗಳ ಉದ್ದ 1250 ಮೈಕ್ರೋಸೆಕೆಂಡ್. ಗಡಿಯಾರಗಳ ವೇಗದಲ್ಲಿ ಹತ್ತು ಲಕ್ಷಕ್ಕೆ 10 ಭಾಗದ ಅಂತರವಿದ್ದರೆ ಸೆಕೆಂಡಿಗೆ 10 ಮೈಕ್ರೋಸೆಕೆಂಡ್ ಸರಿದು, 125 ಸೆಕೆಂಡಿನಲ್ಲಿ ಒಂದು ಪೂರ್ತಿ ಜೋಡಿ ಸರಿಯುತ್ತದೆ. ಅಂತರ 40 ಭಾಗವಿದ್ದರೆ 31 ಸೆಕೆಂಡಿನಲ್ಲಿ. ಎರಡು ಪಿಕೋನೆಟ್‌ಗಳ ಮುಖ್ಯ ಕ್ಷಣಗಳು ಒಂದರ ಮೇಲೊಂದು ಬಿದ್ದಾಗ ತೊಂದರೆ, ಅವು ಪಕ್ಕಕ್ಕೆ ಸರಿದಾಗ ಉಪಶಮನ. ಹೀಗೆ ಅರ್ಧ ನಿಮಿಷದಿಂದ ಕೆಲವು ನಿಮಿಷಗಳ ಲಯದಲ್ಲಿ ಬಂದು ಹೋಗುವ ತೊಂದರೆಯು ವೈಫೈ ಅಡಚಣೆಯಂತೆ ವರ್ತಿಸುವುದಿಲ್ಲ. ವೈಫೈ ತೊಂದರೆಯು ಜಾಲದ ಬಳಕೆ ಹೆಚ್ಚಾದಾಗ ಹೆಚ್ಚುತ್ತದೆ, ದೂರ ಹೋದಾಗ ಬೆಳೆಯುತ್ತದೆ. ಇದು ಹೆಡ್‌ಫೋನ್ ಲ್ಯಾಪ್‌ಟಾಪ್‌ನ ಪಕ್ಕದಲ್ಲೇ ಇದ್ದರೂ ತನ್ನ ಲಯದಲ್ಲೇ ಮರಳುತ್ತದೆ. ಗಡಿಯಾರ ಹಿಡಿದು ಕಡಿತಗಳ ಹೊತ್ತನ್ನು ಹತ್ತು ನಿಮಿಷ ಬರೆದಿಟ್ಟುಕೊಂಡರೆ ಲಯ ಇದೆಯೋ ಇಲ್ಲವೋ ತಿಳಿಯುತ್ತದೆ.

ಹಂತ 8: ಗಡಿಯಾರವನ್ನು ಒಂದಕ್ಕೆ ಇಳಿಸಿ

ಸರಿಯಾಗಿ ಬರೆದ ತಂತ್ರಾಂಶವಿದ್ದರೆ, ಹೆಡ್‌ಫೋನ್ ತಾನಾಗಿ ಕರೆದು ಬಂದ ಮೇಲೆ ಲ್ಯಾಪ್‌ಟಾಪ್ ಪಾತ್ರ ಬದಲಿಸಲು ಕೋರುತ್ತದೆ. ಕೋರಿಕೆ ಒಪ್ಪಿಗೆಯಾದರೆ ಸ್ಲಾಟ್‌ಗಳ ಗಡಿಯಲ್ಲಿರುವ ಅಂತರವನ್ನು ತಿಳಿಸಲಾಗುತ್ತದೆ, ನಂತರ ಗುರುತಿನ ಪದ, ಜಿಗಿತದ ಕ್ರಮ ಮತ್ತು ಗಡಿಯಾರ ಮೂರೂ ಹೊಸ ಸೆಂಟ್ರಲ್‌ನವಾಗುತ್ತವೆ. ಕೋರಿಕೆಯೇ ಹೋಗದಿದ್ದರೆ ಅಥವಾ ತಿರಸ್ಕೃತವಾದರೆ ನಾವೇ ಕೈ ಹಾಕಬೇಕು. ಅತ್ಯಂತ ಸರಳ ಮಾರ್ಗವೆಂದರೆ ಸಂಪರ್ಕ ಕಡಿದು, ಈ ಬಾರಿ ಲ್ಯಾಪ್‌ಟಾಪ್ ಕಡೆಯಿಂದಲೇ ಕರೆಯುವುದು, ಏಕೆಂದರೆ ಕರೆದವರೇ ಸೆಂಟ್ರಲ್.

```
bluetoothctl disconnect 00:11:22:33:44:55
bluetoothctl connect 00:11:22:33:44:55
```

ಹೆಡ್‌ಫೋನ್ ಅನ್ನು ಆಫ್ ಮಾಡಿ ಆನ್ ಮಾಡಬೇಡಿ. ಹಾಗೆ ಮಾಡಿದರೆ ಅದೇ ಮತ್ತೆ ಮೊದಲು ಕರೆದು ಸೆಂಟ್ರಲ್ ಆಗಿಬಿಡುತ್ತದೆ. ಮರುಸಂಪರ್ಕವಾದ ಮೇಲೆ ಆರನೇ ಹಂತದ ಗಡಿಯಾರದ ಆಜ್ಞೆಯನ್ನು ಮತ್ತೊಮ್ಮೆ ಕೊಡಿ. ಈಗ ಸ್ವಂತ ಗಡಿಯಾರ `0x6c91a4`, ಪಿಕೋನೆಟ್ ಗಡಿಯಾರ `0x6c91f0` ಎಂದು ಬಂದರೆ ವ್ಯತ್ಯಾಸ 76 ಮಿಡಿತ, ಅಂದರೆ ಸುಮಾರು 24 ಮಿಲಿಸೆಕೆಂಡ್. ಅದು ಎರಡು ಆಜ್ಞೆಗಳ ನಡುವೆ ಕಳೆದ ಹೊತ್ತು ಮಾತ್ರ. ಎರಡೂ ಒಂದೇ ಗಡಿಯಾರ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಹಂತ 9: ಜಿಗಿತದ ನಕ್ಷೆಯನ್ನೂ ಒಮ್ಮೆ ಪರೀಕ್ಷಿಸಿ

ಪಾತ್ರ ಸರಿಯಿದ್ದೂ ಧ್ವನಿ ಕಡಿದರೆ ಆಗ ವೈಫೈ ಕಡೆ ನೋಡುವುದು ನ್ಯಾಯ. 2003 ರಲ್ಲಿ ಬಂದ 1.2 ಆವೃತ್ತಿಯಿಂದ, ಗದ್ದಲವಿರುವ ಚಾನೆಲ್‌ಗಳನ್ನು ಬಿಟ್ಟು ಜಿಗಿಯುವ ವ್ಯವಸ್ಥೆ ಬ್ಲೂಟೂತ್‌ನಲ್ಲಿದೆ. ಯಾವ ಚಾನೆಲ್ ಬಳಸಬಹುದೆಂಬ 79 ಬಿಟ್‌ಗಳ ನಕ್ಷೆಯನ್ನು ಸೆಂಟ್ರಲ್ ಕಳುಹಿಸುತ್ತದೆ. ಇಲ್ಲೂ ಗಡಿಯಾರವೇ ಆಧಾರ: ನಕ್ಷೆಯ ಜೊತೆಗೆ ಅದು ಜಾರಿಗೆ ಬರಬೇಕಾದ ಮುಂದಿನ ಒಂದು ಎಣಿಕೆಯನ್ನೂ ಕಳುಹಿಸಲಾಗುತ್ತದೆ, ಆ ಕ್ಷಣದಲ್ಲಿ ಇಬ್ಬರೂ ಒಟ್ಟಿಗೆ ಹೊಸ ನಕ್ಷೆಗೆ ಹೊರಳುತ್ತಾರೆ. ಈ ಬಗೆಯಲ್ಲಿ ಪೆರಿಫೆರಲ್ ತನಗೆ ಸೆಂಟ್ರಲ್ ಮಾತಾಡಿದ ಚಾನೆಲ್‌ನಲ್ಲೇ ಉತ್ತರಿಸುತ್ತದೆ. ಎಷ್ಟೇ ಗದ್ದಲವಿದ್ದರೂ ಕನಿಷ್ಠ 20 ಚಾನೆಲ್‌ಗಳು ಉಳಿಯಲೇಬೇಕು.

```
sudo hcitool afh 00:11:22:33:44:55
```

ವೈಫೈ 6 ನೇ ಚಾನೆಲ್‌ನಲ್ಲಿದ್ದರೆ ಅದರ ಕೇಂದ್ರ 2437 ಮೆಗಾಹರ್ಟ್ಸ್, ಎರಡೂ ಬದಿಗೆ 10 ರಂತೆ ಹಿಡಿದರೆ 2427 ರಿಂದ 2447. ಪ್ರತಿಯೊಂದರಲ್ಲೂ 2402 ಕಳೆದರೆ ಬ್ಲೂಟೂತ್ ಚಾನೆಲ್ 25 ರಿಂದ 45, ಒಟ್ಟು 21. ಅವೆಲ್ಲ ಹೊರಗುಳಿದಾಗ ನಕ್ಷೆ ಹೀಗಿರುತ್ತದೆ:

```
AFH map: 0xffffff0100c0ffffff7f
```

ಎಡದಿಂದ ಒಂದೊಂದು ಬೈಟ್ 8 ಚಾನೆಲ್‌ಗಳನ್ನು ಸೂಚಿಸುತ್ತದೆ, ಪ್ರತಿ ಬೈಟ್‌ನ ಕೆಳಗಿನ ಬಿಟ್ ಮೊದಲ ಚಾನೆಲ್. ನಾಲ್ಕನೇ ಬೈಟ್ `01` ಎಂದರೆ 24 ಮಾತ್ರ ಉಳಿದಿದೆ. ಐದನೆಯದು `00`, 32 ರಿಂದ 39 ಪೂರ್ತಿ ಖಾಲಿ. ಆರನೆಯದು `c0`, 46 ಮತ್ತು 47 ಉಳಿದಿವೆ. ಉಳಿದ ಚಾನೆಲ್‌ಗಳು 58. ನಿಜವಾದ ನಕ್ಷೆ ಇಷ್ಟು ಅಚ್ಚುಕಟ್ಟಾಗಿರುವುದು ಅಪರೂಪ, ಆದರೂ ಸೊನ್ನೆಗಳ ಗುಂಪು ಎಲ್ಲಿದೆ ಎಂಬುದು ಎದ್ದು ಕಾಣುತ್ತದೆ. ವೈಫೈ ಬಿರುಸಾಗಿ ನಡೆಯುತ್ತಿದ್ದರೂ ನಕ್ಷೆ `ffffffffffffffffff7f` ಎಂದೇ ಇದ್ದರೆ, ಗದ್ದಲವನ್ನು ಯಾರೂ ಗುರುತಿಸಿಲ್ಲ ಎಂದರ್ಥ; ಆಗ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಒಯ್ಯುವುದು ಸುಲಭ ಪರಿಹಾರ.

ಹಂತ 10: ಸಂಪರ್ಕ ಕಡಿದಾಗ ಕಾರಣವನ್ನು ಓದಿ

ಕಡೆಯದಾಗಿ, ಸಂಪರ್ಕವೇ ಕಡಿದುಹೋಗುತ್ತಿದ್ದರೆ `sudo btmon` ಅನ್ನು ಓಡಲು ಬಿಟ್ಟು ಕಾಯಿರಿ. ಕಡಿತದ ಕ್ಷಣದಲ್ಲಿ ಈ ಸಾಲು ಬಂದರೆ ಅದು ಕಾಲಗಣನೆ ಕೈತಪ್ಪಿದ್ದರ ಅಥವಾ ರೇಡಿಯೋ ವ್ಯಾಪ್ತಿ ಮೀರಿದ್ದರ ಗುರುತು:

```
Reason: Connection Timeout (0x08)
```

ಇನ್ನೊಂದು ಬದಿಯ ಬಳಕೆದಾರರು ತಾವಾಗಿ ಕಡಿದಿದ್ದರೆ ಕಾರಣದ ಸಂಖ್ಯೆ `0x13` ಆಗಿರುತ್ತದೆ. ಹೊಸ ಕರೆಗೆ ಉತ್ತರವೇ ಸಿಗದೆ ಸೋತರೆ `0x04` ಕಾಣುತ್ತದೆ. ಅದು ಎರಡನೇ ಹಂತದ ಸಂಗತಿ, ಅಂದರೆ ಆ ಸಾಧನ ಕರೆಗೆ ಕಿವಿಗೊಟ್ಟಿಲ್ಲ ಅಥವಾ ಆಗಲೇ ಬೇರೊಂದು ಪಿಕೋನೆಟ್‌ನಲ್ಲಿ ಮುಳುಗಿದೆ. `0x08` ಮತ್ತೆ ಮತ್ತೆ ಬರುತ್ತಿದ್ದು, ಅದಕ್ಕೆ ಮುನ್ನ ಆರನೇ ಹಂತದ ಪಟ್ಟಿಯಲ್ಲಿ ಎರಡು ಬೇರೆ ಪಾತ್ರಗಳು ಕಂಡಿದ್ದರೆ, ಮೊದಲು ಎಂಟನೇ ಹಂತವನ್ನು ಮಾಡಿ, ನಂತರವೇ ಸಾಧನಗಳನ್ನು ಅಳಿಸಿ ಹೊಸದಾಗಿ ಜೋಡಿಸುವ ಯೋಚನೆ ಮಾಡಿ. ಮರುಜೋಡಣೆಯು ಕೀಲಿಯನ್ನು ಬದಲಿಸುತ್ತದೆಯೇ ಹೊರತು ಮುಂದಿನ ಬಾರಿ ಯಾರು ಮೊದಲು ಕರೆಯುತ್ತಾರೆ ಎಂಬುದನ್ನಲ್ಲ.